‘ಹಳೇ ಡೇಟ್ ಹಾಕಿ ಸೈನ್ ಮಾಡು’ ಅಂತ ಬಾಸ್ ಹೇಳಿದಾಗ: ಔಷಧ ಕಾರ್ಖಾನೆಯ ಲ್ಯಾಬ್‌ನವರಿಗೆ ಒಂದು ಮಾರ್ಗದರ್ಶಿ

ಜಿಗಣಿ, ಬೊಮ್ಮಸಂದ್ರ, ಪೀಣ್ಯ, ನಂಜನಗೂಡು, ಬೀದರ್ ಕಡೆಯ ಔಷಧ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ‘ಆಡಿಟ್ ಬರ್ತಿದೆ, ಲಾಗ್‌ಬುಕ್‌ನಲ್ಲಿ ಖಾಲಿ ಇರೋ ದಿನಗಳನ್ನ ತುಂಬಿಸಿಬಿಡು ಅಂತ ಸಾರ್ ಹೇಳ್ತಿದ್ದಾರೆ. ಬರೆಯದಿದ್ರೆ ಕೆಲಸ ಹೋಗುತ್ತಾ? ಬರೆದ್ರೆ ಸಿಕ್ಕಿಹಾಕಿಕೊಳ್ತೀನಾ?’

‘ಧೈರ್ಯವಾಗಿ ಇಲ್ಲ ಅನ್ನಿ’ ಅಂತ ಹೇಳುವುದು ಸುಲಭ. ಬಾಡಿಗೆ ಕಟ್ಟಬೇಕಾದವರಿಗೆ ಆ ಮಾತಿನಿಂದ ಪ್ರಯೋಜನ ಇಲ್ಲ. ಈ ಲೇಖನದಲ್ಲಿ ಬೇರೆ ದಾರಿ ಹೇಳುತ್ತೇನೆ. ಇಂಥ ಬಹುತೇಕ ಸಂದರ್ಭಗಳಲ್ಲಿ ಬಾಸ್‌ಗೆ ಬೇಕಾಗಿರುವುದು ಸುಳ್ಳು ಅಲ್ಲ, ಖಾಲಿ ಜಾಗ ಮುಚ್ಚುವ ಒಂದು ಕಾಗದ. ಅದನ್ನು ನಿಯಮದ ಒಳಗೇ ಮುಚ್ಚುವ ಕಾಗದ ಇದೆ. ಅದನ್ನು ನೀವೇ ತಯಾರು ಮಾಡಿಕೊಂಡು ಹೋದರೆ, ‘ಆಗಲ್ಲ’ ಅನ್ನುವ ಮಾತೇ ಅನೇಕ ಸಲ ಬೇಕಾಗುವುದಿಲ್ಲ.

ಶುರು ಮಾಡುವ ಮುಂಚೆ ಮೂರು ಕಾಗದ ಹುಡುಕಿ ಓದಿ. ಒಂದು, ದಾಖಲೆ ಹೇಗೆ ಬರೆಯಬೇಕು ಅನ್ನುವ ನಿಮ್ಮ ಕಂಪನಿಯ ಎಸ್‌ಒಪಿ. ಎಸ್‌ಒಪಿ ಅಂದರೆ ಒಂದು ಕೆಲಸವನ್ನು ಹೀಗೇ ಮಾಡಬೇಕು ಅಂತ ಬರೆದು, ಸಹಿ ಹಾಕಿ ಇಟ್ಟಿರುವ ವಿಧಾನ. ಎರಡು, ಡೀವಿಯೇಶನ್ ಎಸ್‌ಒಪಿ. ಬರೆದ ವಿಧಾನ ತಪ್ಪಿ ಏನಾದರೂ ನಡೆದಾಗ ಅದನ್ನು ಹೇಗೆ ದಾಖಲಿಸಬೇಕು ಅಂತ ಅದರಲ್ಲಿರುತ್ತದೆ. ಮೂರು, ನಿಮ್ಮ ನೇಮಕಾತಿ ಪತ್ರ. ಸೇರಿದ ದಿನ ಸಹಿ ಹಾಕಿ ಬೀರುವಿನಲ್ಲಿ ಇಟ್ಟವರೇ ಜಾಸ್ತಿ. ಈಗ ತೆಗೆದು ನೋಟಿಸ್ ಅವಧಿ, ಪ್ರೊಬೇಶನ್, ಬಾಂಡ್ ಬಗ್ಗೆ ಏನಿದೆ ನೋಡಿ.

1. ಏನನ್ನು ಬರೆಯಲು ಹೇಳುತ್ತಿದ್ದಾರೆ ಅಂತ ಮೊದಲು ಗುರುತಿಸಿ

ಎಲ್ಲ ‘ಹಳೇ ಡೇಟ್’ ಒಂದೇ ಅಲ್ಲ. ಮೂರು ಬಗೆ ಇದೆ.

ಮೊದಲನೆಯದು, ಕೆಲಸ ನಿಜವಾಗಿ ಆಗಿದೆ, ಬರೆಯಲು ಮರೆತಿದೆ. ಶುಕ್ರವಾರ ಪಿಎಚ್ ಮೀಟರ್ ಸರಿಪಡಿಸಿದ್ದೀರಿ, ಪ್ರಿಂಟ್ ಚೀಟಿ ಇದೆ, ಲಾಗ್‌ಬುಕ್‌ನಲ್ಲಿ ಮಾತ್ರ ಇಲ್ಲ.

ಎರಡನೆಯದು, ಕೆಲಸ ಆಗಿಯೇ ಇಲ್ಲ, ಆಗಿದೆ ಅಂತ ತೋರಿಸಬೇಕು. ಬ್ಯಾಲೆನ್ಸ್‌ನ ದಿನದ ಚೆಕ್ ಬಿಟ್ಟುಹೋಗಿದೆ, ಫ್ರಿಜ್ಜಿನ ತಾಪಮಾನ ಯಾರೂ ನೋಡಿಲ್ಲ, ಟ್ರೇನಿಂಗ್ ನಡೆದೇ ಇಲ್ಲ.

ಮೂರನೆಯದು, ಕೆಲಸ ಆಗಿದೆ, ಆದರೆ ಫಲಿತಾಂಶ ಕೆಟ್ಟದ್ದು ಬಂದಿದೆ. ಅದನ್ನು ಮರೆಮಾಚಬೇಕು. ಮಿತಿ ಮೀರಿದ ಫಲಿತಾಂಶವನ್ನು ಅಳಿಸಿ ಮತ್ತೆ ಟೆಸ್ಟ್ ಮಾಡಿ ಪಾಸ್ ಆದದ್ದನ್ನು ಮಾತ್ರ ತೋರಿಸುವುದು, ಔಷಧದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿ ಸ್ಯಾಂಪಲ್ ಇಂಜೆಕ್ಷನ್ ಓಡಿಸುವುದು, ಇಂಥವು.

ಈ ವಿಂಗಡಣೆಯ ಮೇಲೆ ಮುಂದಿನ ಎಲ್ಲ ನಿರ್ಧಾರ ನಿಂತಿದೆ. ಮೊದಲನೆಯದಕ್ಕೆ ನಿಯಮದಲ್ಲೇ ಸುಲಭ ದಾರಿ ಇದೆ. ಎರಡನೆಯದಕ್ಕೂ ಇದೆ, ಸ್ವಲ್ಪ ಬರವಣಿಗೆ ಜಾಸ್ತಿ. ಮೂರನೆಯದಕ್ಕೆ ನನ್ನ ಅಭಿಪ್ರಾಯ ನೇರ: ಆ ಸಹಿ ಹಾಕಬೇಡಿ, ಕೆಲಸ ಹೋದರೂ. ಅಲ್ಲಿ ಮುಚ್ಚುತ್ತಿರುವುದು ಖಾಲಿ ಜಾಗವನ್ನಲ್ಲ, ಕೆಟ್ಟ ಔಷಧವನ್ನು. ಅದನ್ನು ಕುಡಿಯುವ ಮಗುವಿಗೆ ನಿಮ್ಮ ಲ್ಯಾಬ್ ಬಿಟ್ಟರೆ ಬೇರೆ ಕಾವಲು ಇಲ್ಲ.

ಮೊದಲ ಬಗೆಯವರು ಮಾಡುವ ತಪ್ಪು ಒಂದಿದೆ. ‘ಕೆಲಸ ನಿಜವಾಗಿ ಮಾಡಿದ್ದೀನಲ್ಲ, ಶುಕ್ರವಾರದ ಡೇಟೇ ಹಾಕಿದ್ರೆ ಏನು?’ ಅಂತ ಬರೆದುಬಿಡುತ್ತಾರೆ. ಸಹಿಯ ಪಕ್ಕದ ದಿನಾಂಕ ಕೆಲಸದ ದಿನಾಂಕ ಅಲ್ಲ, ನೀವು ಪೆನ್ನು ಹಿಡಿದ ದಿನಾಂಕ. ಕೆಲಸ ನಿಜವಾದರೂ ಆ ದಿನಾಂಕ ಸುಳ್ಳಾದರೆ, ಇಡೀ ನಮೂದನ್ನು ಆಡಿಟರ್ ಅನುಮಾನದಿಂದ ನೋಡುತ್ತಾನೆ.

2. ಸಹಿ ಹಾಕಿದರೆ ಏನಾಗಬಹುದು ಅಂತ ಲೆಕ್ಕ ಹಾಕಿ

ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ. ನಿಮ್ಮದು ಕ್ಯೂಸಿ ಲ್ಯಾಬ್. ಅಂದರೆ ಮಾತ್ರೆ, ಕಚ್ಚಾ ವಸ್ತು ಪರೀಕ್ಷೆ ಮಾಡುವ ಜಾಗ. ಅಲ್ಲಿನ ಬ್ಯಾಲೆನ್ಸನ್ನು, ಅಂದರೆ ಸೂಕ್ಷ್ಮ ತಕ್ಕಡಿಯನ್ನು, ಪ್ರತಿದಿನ ಪ್ರಮಾಣಿತ ತೂಕದ ಕಲ್ಲು ಇಟ್ಟು ಚೆಕ್ ಮಾಡಿ ಬರೆಯಬೇಕು. 12ನೇ ತಾರೀಖು ಗುರುವಾರ ಚೆಕ್ ಆಗಿದೆ, ಪಾಸ್. 13, 14, 15 ಆಗಿಲ್ಲ. ಆ ಮೂರೂ ದಿನ ಲ್ಯಾಬ್ ನಡೆದಿದೆ, ಅದೇ ಬ್ಯಾಲೆನ್ಸಿನಲ್ಲಿ ಸ್ಯಾಂಪಲ್ ತೂಗಿದ್ದಾರೆ. ಇವತ್ತು 16, ಸೋಮವಾರ. ಗುರುವಾರ ಆಡಿಟ್. ‘ಮೂರು ದಿನದ್ದು 100.0001, 100.0002 ಅಂತ ಹಾಕಿ ಸೈನ್ ಮಾಡು’ ಅಂತ ಸೆಕ್ಷನ್ ಹೆಡ್ ಹೇಳುತ್ತಾರೆ. 14ರ ಶನಿವಾರ ನಿಮಗೆ ವಾರದ ರಜೆ ಇತ್ತು.

ಬರೆದರೆ ಯಾರಿಗೆ ಗೊತ್ತಾಗುತ್ತೆ ಅನಿಸುತ್ತದೆ. ಗೊತ್ತಾಗುವ ದಾರಿಗಳು ಇಷ್ಟಿವೆ. ಬ್ಯಾಲೆನ್ಸಿಗೆ ಪ್ರಿಂಟರ್ ಇದ್ದರೆ ಪ್ರತಿ ತೂಕದ ಚೀಟಿಯಲ್ಲಿ ದಿನಾಂಕ, ಸಮಯ ಬರುತ್ತದೆ. ಆ ಮೂರು ದಿನದ ಚೀಟಿ ಎಲ್ಲಿ? ತೂಕದ ಕಲ್ಲುಗಳ ಪೆಟ್ಟಿಗೆಗೂ ಅನೇಕ ಕಡೆ ಬೇರೆ ಲಾಗ್‌ಬುಕ್ ಇರುತ್ತದೆ. ಅದರಲ್ಲಿ ಆ ದಿನ ಪೆಟ್ಟಿಗೆ ತೆಗೆದೇ ಇಲ್ಲ. ಶನಿವಾರ ನಿಮ್ಮ ಸಹಿ ಇದೆ, ಗೇಟಿನ ಬೆರಳಚ್ಚು ಯಂತ್ರದಲ್ಲಿ ನೀವಿಲ್ಲ. ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದ ಮೂರು ಸಾಲು ಅನುಭವಸ್ಥರ ಕಣ್ಣಿಗೆ ತಕ್ಷಣ ಬೀಳುತ್ತವೆ. ಇನ್ನೂ ಒಂದು ಇದೆ, ಇದರಲ್ಲೇ ಬಹಳ ಜನ ಸಿಕ್ಕಿಬೀಳುತ್ತಾರೆ. ಲಾಗ್‌ಬುಕ್ ಹಾಳೆಗಳನ್ನು ಕ್ಯೂಎ, ಅಂದರೆ ಗುಣಮಟ್ಟದ ಭರವಸೆ ಕೊಡುವ ವಿಭಾಗ, ನಂಬರ್ ಹಾಕಿ, ದಿನಾಂಕ ಬರೆದು ಕೊಡುತ್ತದೆ. ಹಾಳೆ ಕೊಟ್ಟದ್ದು 16ಕ್ಕೆ, ಅದರ ಮೇಲೆ ಸಹಿ 13ರದ್ದು ಅಂದರೆ ಮಾತು ಅಲ್ಲಿಗೇ ಮುಗಿಯಿತು.

ಸಿಕ್ಕಿಬಿದ್ದ ದಿನ ಕಾಗದದ ಮೇಲಿರುವುದು ನಿಮ್ಮ ಸಹಿ. ಬಾಸ್ ಹೇಳಿದ್ದು ಬಾಯಿಮಾತು. ‘ನಾನು ಹಾಗೆ ಹೇಳಿಲ್ಲ, ಖಾಲಿ ಬಿಡಬೇಡಿ ಅಂದೆ ಅಷ್ಟೇ’ ಅಂದರೆ ಅವರು ಪಾರು. ಕೆಲಸಕ್ಕೆ ಸಂಬಂಧಿಸಿದ ಮೋಸ, ಅಪ್ರಾಮಾಣಿಕತೆಯನ್ನು ಕೈಗಾರಿಕೆಗಳ ಮಾದರಿ ಸ್ಥಾಯಿ ಆದೇಶಗಳೇ ದುರ್ನಡತೆ ಅಂತ ಪಟ್ಟಿ ಮಾಡಿವೆ. ಸ್ಥಾಯಿ ಆದೇಶ ಅಂದರೆ ಕಾರ್ಖಾನೆಯಲ್ಲಿ ರಜೆ, ಶಿಸ್ತು, ಶಿಕ್ಷೆಗಳ ಬಗ್ಗೆ ಇರುವ ಲಿಖಿತ ನಿಯಮಗಳು. ಅದೇ ಪಟ್ಟಿಯಲ್ಲಿ ಮೇಲಿನವರ ಮಾತು ಮೀರುವುದೂ ದುರ್ನಡತೆಯೇ. ಆದರೆ ಅಲ್ಲಿ ಹೇಳಿರುವುದು ‘ಕಾನೂನುಬದ್ಧವಾದ ಮತ್ತು ಸಮಂಜಸವಾದ’ ಆದೇಶ ಮೀರಿದರೆ ಅಂತ. ಸುಳ್ಳು ದಿನಾಂಕ ಬರೆಯುವ ಆದೇಶ ಇವೆರಡೂ ಅಲ್ಲ. ಕೆಲಸದ ಭದ್ರತೆಯ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ. ನಿರಾಕರಿಸಿದರೆ ಬಾಸ್‌ಗೆ ಕೋಪ ಬರಬಹುದು, ಆದರೆ ನಿಮ್ಮ ಮೇಲೆ ಹೊರಿಸಲು ಗಟ್ಟಿ ಆರೋಪ ಇರುವುದಿಲ್ಲ. ಬರೆದರೆ ಬಾಸ್ ಖುಷಿ, ಆದರೆ ಯಾವತ್ತು ಬೇಕಾದರೂ ಹೊರತೆಗೆಯಬಹುದಾದ ಗಟ್ಟಿ ಆರೋಪ ಫೈಲಿನಲ್ಲಿ ಕೂತಿರುತ್ತದೆ.

3. ಸರಿಯಾದ ಕಾಗದ ತಯಾರು ಮಾಡಿ

ಬಾಸ್ ಹತ್ತಿರ ಖಾಲಿ ಕೈಯಲ್ಲಿ ಹೋಗಬೇಡಿ.

ಕೆಲಸ ಆಗಿ ಬರೆಯಲು ಮರೆತಿದ್ದರೆ ‘ಲೇಟ್ ಎಂಟ್ರಿ’ ಸಾಕು. ಅಂದರೆ ತಡವಾದ ನಮೂದು. ಕೆಲಸ ಆದ ದಿನ ಯಾವುದು, ಬರೆಯುತ್ತಿರುವ ದಿನ ಯಾವುದು, ಯಾಕೆ ತಡ, ಪುರಾವೆ ಏನು ಅಂತ ಬರೆದು ಇವತ್ತಿನ ದಿನಾಂಕದಲ್ಲಿ ಸಹಿ. ಉದಾಹರಣೆಗೆ ಹೀಗೆ: ‘ತಡ ನಮೂದು. 13ರಂದು ಚೆಕ್ ಮಾಡಲಾಗಿದೆ, ಲಾಗ್‌ಬುಕ್‌ನಲ್ಲಿ ಬರೆಯುವುದು ಬಿಟ್ಟುಹೋಗಿತ್ತು. ಪ್ರಿಂಟ್ ಚೀಟಿ ಲಗತ್ತಿಸಿದೆ. ಸಹಿ, 16.’ ಭಾಷೆ ಮತ್ತು ನಮೂನೆ ನಿಮ್ಮ ಕಂಪನಿಯ ಎಸ್‌ಒಪಿಯಲ್ಲಿ ಇದ್ದ ಹಾಗೆ ಇರಲಿ. ಪುರಾವೆ ಇಲ್ಲದಿದ್ದರೆ ಇದು ಮೊದಲ ಬಗೆ ಅಲ್ಲ, ಎರಡನೆಯದು ಅಂತ ತಿಳಿದುಕೊಂಡು ಮುಂದೆ ಹೋಗಿ.

ನಮ್ಮ ಉದಾಹರಣೆಯಲ್ಲಿ ಚೆಕ್ ಆಗಿಯೇ ಇಲ್ಲ. ಹಾಗಾಗಿ ಡೀವಿಯೇಶನ್ ಬರೆಯಬೇಕು. ಈ ಹೆಸರು ಕೇಳಿದರೆ ಬಾಸ್‌ಗಳಿಗೆ ತಲೆನೋವು ಬರುತ್ತದೆ, ಆದರೆ ಇಲ್ಲಿ ಒಳಗಿನ ಕೆಲಸ ಬಹಳ ಚಿಕ್ಕದು. ಹೇಗೆ ಅಂತ ನೋಡಿ.

ಮೊದಲು ಇವತ್ತೇ, ಯಾರೂ ಬ್ಯಾಲೆನ್ಸನ್ನು ಮುಟ್ಟಿ ಸರಿಮಾಡುವ ಮುಂಚೆಯೇ, ದಿನದ ಚೆಕ್ ಮಾಡಿ. ಇಲ್ಲಿ ಒಂದು ಎಚ್ಚರಿಕೆ. ಕೆಲವರು ಭಯಕ್ಕೆ ಮೊದಲು ಒಳಗಿನ ಕ್ಯಾಲಿಬ್ರೇಶನ್ ಒತ್ತಿ, ಆಮೇಲೆ ಚೆಕ್ ಮಾಡುತ್ತಾರೆ. ಹಾಗೆ ಮಾಡಿದರೆ ಹೋದ ಮೂರು ದಿನ ಬ್ಯಾಲೆನ್ಸ್ ಹೇಗಿತ್ತು ಅಂತ ತಿಳಿಯುವ ಒಂದೇ ಅವಕಾಶ ಹೋಗುತ್ತದೆ. ಇದ್ದ ಸ್ಥಿತಿಯಲ್ಲೇ ತೂಕ ನೋಡಿ. ಬ್ಯಾಲೆನ್ಸ್ ತನ್ನಷ್ಟಕ್ಕೆ ಕ್ಯಾಲಿಬ್ರೇಟ್ ಆಗುವ ಬಗೆಯದಾದರೆ ಅದರ ಒಳಗಿನ ದಾಖಲೆಯನ್ನೂ ಪ್ರಿಂಟ್ ತೆಗೆದಿಡಿ.

ನಿಮ್ಮ ಎಸ್‌ಒಪಿಯಲ್ಲಿ 100 ಗ್ರಾಂ ಕಲ್ಲಿಗೆ 0.1% ಮಿತಿ ಅಂತಿದೆ ಅಂದುಕೊಳ್ಳಿ. 99.9ರಿಂದ 100.1 ಗ್ರಾಂ ಒಳಗೆ ಬರಬೇಕು. ಇವತ್ತು 100.0003 ಬಂತು, ಪಾಸ್. 12ರಂದೂ ಪಾಸ್ ಇತ್ತು. ಎರಡು ಪಾಸ್‌ಗಳ ನಡುವೆ ಬ್ಯಾಲೆನ್ಸನ್ನು ಜಾಗ ಬದಲಿಸಿಲ್ಲ, ರಿಪೇರಿ ಮಾಡಿಲ್ಲ. ಹಾಗಾದರೆ ನಡುವಿನ ಮೂರು ದಿನದ ತೂಕಗಳನ್ನು ನಂಬಲು ಗಟ್ಟಿ ಆಧಾರ ಸಿಕ್ಕಿತು. ಇದನ್ನೇ ಪರಿಣಾಮದ ಪರಿಶೀಲನೆ ಅನ್ನುತ್ತಾರೆ. ಆ ಮೂರು ದಿನ ಯಾವ ಯಾವ ಸ್ಯಾಂಪಲ್ ತೂಗಿದ್ದಾರೆ ಅಂತ ಬ್ಯಾಲೆನ್ಸ್ ಬಳಕೆಯ ಲಾಗ್‌ಬುಕ್‌ನಿಂದ ಪಟ್ಟಿ ಮಾಡಿ ಪಕ್ಕದಲ್ಲಿಡಿ.

ಕಾರಣ ಏನು ಅನ್ನುವುದನ್ನು ನಿಜವಾಗಿ ಬರೆಯಿರಿ. ‘ಅನಲಿಸ್ಟ್ ಗಮನ ಕೊಡಲಿಲ್ಲ, ಮತ್ತೆ ಟ್ರೇನಿಂಗ್ ಕೊಡಲಾಗಿದೆ’ ಅನ್ನುವ ಸಾಲು ಎಲ್ಲ ಕಡೆ ಬೀಳುತ್ತದೆ, ಯಾರೂ ನಂಬುವುದಿಲ್ಲ. ದಿನಾ ಚೆಕ್ ಮಾಡುತ್ತಿದ್ದವರು ರಜೆ ಹಾಕಿದರು, ಬದಲಿ ಯಾರು ಅಂತ ಡ್ಯೂಟಿ ಪಟ್ಟಿಯಲ್ಲಿ ಇರಲಿಲ್ಲ. ಇದು ನಿಜವಾದರೆ ಇದನ್ನೇ ಬರೆಯಿರಿ. ಇನ್ನು ಮುಂದೆ ಬದಲಿ ಹೆಸರನ್ನೂ ಪಟ್ಟಿಯಲ್ಲಿ ಹಾಕುವುದು ಪರಿಹಾರ.

ಇವತ್ತಿನ ಚೆಕ್ ಫೇಲ್ ಆದರೆ? ಆಗ ಮೂರು ದಿನದ ಎಲ್ಲ ತೂಕಗಳೂ ಪ್ರಶ್ನೆಗೆ ಒಳಗಾಗುತ್ತವೆ, ಪರೀಕ್ಷೆಗಳನ್ನು ಮತ್ತೆ ಮಾಡಬೇಕಾಗಬಹುದು. ಕೆಲಸ ಜಾಸ್ತಿ, ಹೌದು. ಆದರೆ 100.0001 ಅಂತ ಬರೆದುಬಿಟ್ಟಿದ್ದರೆ ಈ ವಿಷಯ ಮುಚ್ಚಿಹೋಗುತ್ತಿತ್ತು, ತಪ್ಪು ತೂಕದ ಮೇಲೆ ಪಾಸ್ ಆದ ಬ್ಯಾಚ್ ಮಾರುಕಟ್ಟೆಗೆ ಹೋಗುತ್ತಿತ್ತು.

4. ಬಾಸ್ ಜೊತೆ ಮಾತಾಡಿ

ಎಲ್ಲರ ಮುಂದೆ ಬೇಡ. ಮುಖ ಕೆಡಿಸಿದರೆ ಯಾರೂ ಹಿಂದೆ ಸರಿಯುವುದಿಲ್ಲ, ಬಾಸ್ ಅಂತೂ ಅಲ್ಲವೇ ಅಲ್ಲ. ಒಬ್ಬರೇ ಇರುವಾಗ, ಕೈಯಲ್ಲಿ ಡೀವಿಯೇಶನ್ ಕರಡು ಹಿಡಿದು ಹೋಗಿ. ಮಾತು ಹೀಗಿರಲಿ:

‘ಸಾರ್, ಆ ಮೂರು ದಿನದ್ದು ಹಳೇ ಡೇಟಲ್ಲಿ ಬರೆದ್ರೆ ಶನಿವಾರ ನನ್ನ ಪಂಚ್ ಇಲ್ಲ, ಆಡಿಟರ್ ಅಟೆಂಡೆನ್ಸ್ ಕೇಳಿದ್ರೆ ಇಬ್ರೂ ಸಿಕ್ಕಿಬೀಳ್ತೀವಿ. ಇವತ್ತು ಚೆಕ್ ಮಾಡಿದೆ, ಪಾಸ್ ಬಂದಿದೆ. ಗುರುವಾರದ್ದೂ ಪಾಸ್ ಇದೆ. ಡೀವಿಯೇಶನ್ ಬರೆದು ತಂದಿದ್ದೀನಿ, ನೀವು ನೋಡಿದ್ರೆ ಬುಧವಾರದೊಳಗೆ ಕ್ಲೋಸ್ ಮಾಡಿಸಬಹುದು.’

ಇದರಲ್ಲಿ ನೀತಿಪಾಠ ಇಲ್ಲ, ‘ನೀವು ಹೇಳಿದ್ದು ತಪ್ಪು’ ಅನ್ನುವ ಮಾತೂ ಇಲ್ಲ. ಅಪಾಯ ಇಬ್ಬರಿಗೂ ಅಂತ ಇದೆ, ಅದು ನಿಜ ಕೂಡ. ಕೆಲಸ ಅರ್ಧ ಮುಗಿದಿದೆ ಅಂತಲೂ ಇದೆ. ಆಡಿಟ್‌ನಲ್ಲಿ ತೆರೆದಿಟ್ಟ ಡೀವಿಯೇಶನ್ ಸಾಮಾನ್ಯ ವಿಷಯ. ಒಂದು ಡೀವಿಯೇಶನ್ನೂ ಇಲ್ಲದ ಲ್ಯಾಬ್ ಕಂಡರೆ ಆಡಿಟರ್‌ಗಳಿಗೆ ಅನುಮಾನ ಬರುತ್ತದೆ. ಇದನ್ನು ಬಾಸ್‌ಗೆ ನೆನಪಿಸಿದರೂ ತಪ್ಪಿಲ್ಲ.

ಬಾಸ್‌ನ ಕಷ್ಟವೂ ಒಂದಿದೆ. ತಿಂಗಳಿಗೆ ಎಷ್ಟು ಡೀವಿಯೇಶನ್ ಬಂತು ಅನ್ನುವ ಲೆಕ್ಕ ಅವರ ಮೇಲಿನವರ ಮುಂದೆ ಹೋಗುತ್ತದೆ. ಆ ಸಂಖ್ಯೆ ಕಡಿಮೆ ಇರಬೇಕು ಅಂತ ಒತ್ತಡ ಇರುವ ಕಂಪನಿಯಲ್ಲಿ ಹಳೇ ಡೇಟಿನ ಆಟ ನಿಲ್ಲುವುದಿಲ್ಲ. ಅಂಥ ಕಡೆ ನೀವಿದ್ದೀರಾ ಅಂತ ಗುರುತಿಸಿಕೊಳ್ಳುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

5. ಆದರೂ ಬಿಡದಿದ್ದರೆ, ಬರಹದಲ್ಲಿ ತನ್ನಿ

‘ಅದೆಲ್ಲ ಬೇಡ, ಹೇಳಿದ್ದು ಮಾಡು’ ಅಂದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ‘ಸರಿ ಸಾರ್, ನೋಡ್ತೀನಿ’ ಅಂತಲೂ ಅನ್ನಬೇಡಿ, ಅದು ಒಪ್ಪಿಗೆ ಆಗುತ್ತದೆ. ‘ಹಳೇ ಡೇಟಲ್ಲಿ ಸೈನ್ ಹಾಕೋದು ನನ್ನ ಕೈಲಿ ಆಗಲ್ಲ ಸಾರ್, ಡೀವಿಯೇಶನ್ ಕಳಿಸ್ತೀನಿ’ ಅಂತ ಒಂದೇ ಸಾಲು ಹೇಳಿ ಬನ್ನಿ. ಆಮೇಲೆ ಕಂಪನಿಯ ಮೇಲ್‌ನಿಂದ ಹೀಗೆ ಬರೆಯಿರಿ:

‘ಸಾರ್, ಬ್ಯಾಲೆನ್ಸ್‌ನ 13, 14, 15ರ ದಿನದ ಚೆಕ್ ಆಗದಿರುವ ಬಗ್ಗೆ ಇವತ್ತು ಬೆಳಗ್ಗೆ ಮಾತಾಡಿದ್ದೆವು. 16ರ ಚೆಕ್ ಪಾಸ್ ಆಗಿದೆ. ಡೀವಿಯೇಶನ್ ಕರಡು ಲಗತ್ತಿಸಿದ್ದೇನೆ. ಇದರಲ್ಲಿ ಬದಲಾವಣೆ ಬೇಕಿದ್ದರೆ ತಿಳಿಸಿ.’

‘ನೀವು ಸುಳ್ಳು ಬರೆಯಲು ಹೇಳಿದಿರಿ’ ಅಂತ ಇದರಲ್ಲಿ ಎಲ್ಲೂ ಇಲ್ಲ ನೋಡಿ. ಬೇಕಾಗಿಯೂ ಇಲ್ಲ. ಆ ಮೂರು ದಿನ ಚೆಕ್ ಆಗಿಲ್ಲ ಅನ್ನುವುದು ಈಗ ದಿನಾಂಕ ಸಮೇತ ಮೇಲ್‌ನಲ್ಲಿ ಕೂತಿದೆ. ಇನ್ನು ಯಾರಾದರೂ ಆ ಸಾಲುಗಳನ್ನು ತುಂಬಿಸಿದರೆ ಅದು ಸುಳ್ಳು ಅಂತ ಈ ಮೇಲೇ ಹೇಳುತ್ತದೆ. ಬಹಳ ಸಲ ವಿಷಯ ಇಲ್ಲಿಗೇ ಮುಗಿಯುತ್ತದೆ.

ಸರ್ಕಾರಿ ನೌಕರರಿಗೆ ಇಲ್ಲಿ ಒಂದು ಅನುಕೂಲ ಇದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ, ಬಾಯಿಮಾತಿನ ಆದೇಶ ಬಂದರೆ ಅದನ್ನು ಬರಹದಲ್ಲಿ ಖಚಿತಪಡಿಸಿ ಅಂತ ಕೇಳಬೇಕು, ಮೇಲಿನವರು ಕೊಡಲೇಬೇಕು ಅಂತಿದೆ. ಖಾಸಗಿ ಕಂಪನಿಯಲ್ಲಿ ಅಂಥ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ನೀವೇ ಬರೆದು ಕಳಿಸುವ ದಾರಿ.

ಪುರಾವೆ ಇಟ್ಟುಕೊಳ್ಳುವಾಗ ಜನ ಕಾಲು ಜಾರುವ ಜಾಗ ಇದು. ಲಾಗ್‌ಬುಕ್ ಹಾಳೆಯ ಫೋಟೊ ತೆಗೆಯುವುದು, ಬ್ಯಾಚ್ ದಾಖಲೆಗಳನ್ನು ಸ್ವಂತ ಜಿಮೇಲ್‌ಗೆ ಕಳಿಸುವುದು ಬೇಡ. ಕಂಪನಿಯ ಗೋಪ್ಯ ಮಾಹಿತಿ ಹೊರಗೆ ಸಾಗಿಸಿದ ಅಂತ ನಿಮ್ಮನ್ನೇ ತೆಗೆಯಲು ಅದು ಒಳ್ಳೆ ನೆಪ. ಬದಲಿಗೆ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನು ಹೇಳಿದರು, ಯಾವ ಲಾಗ್‌ಬುಕ್ಕಿನ ಯಾವ ನಂಬರ್ ಹಾಳೆ, ನೀವು ಯಾವ ವಿಷಯದ ಮೇಲ್ ಯಾವಾಗ ಕಳಿಸಿದಿರಿ, ಅದೇ ದಿನ ಬರೆದಿಡಿ. ಮುಂದೆ ವಿಚಾರಣೆ ಆದರೆ ಆ ಮೂಲ ದಾಖಲೆಗಳನ್ನು ಹಾಜರುಪಡಿಸಿ ಅಂತ ಕೇಳಲು ಇಷ್ಟು ಸಾಕು. ಬಾಸ್ ನಿಮ್ಮ ವಾಟ್ಸಾಪ್‌ಗೆ ಕಳಿಸಿದ ಸಂದೇಶ ಮಾತ್ರ ಬೇರೆ. ಅದು ನಿಮಗೇ ಬಂದದ್ದು, ಅಳಿಸಬೇಡಿ.

6. ಮೇಲಕ್ಕೆ ಹೋಗುವುದಾದರೆ ಕ್ರಮವಾಗಿ ಹೋಗಿ

ಔಷಧ ಕಾರ್ಖಾನೆಯಲ್ಲಿ ಕ್ಯೂಎ ವಿಭಾಗ ಉತ್ಪಾದನೆಯವರ ಕೈಕೆಳಗೆ ಇರಬಾರದು. ಔಷಧ ನಿಯಮಗಳ ಶೆಡ್ಯೂಲ್ ಎಂ ಒಳ್ಳೆಯ ಉತ್ಪಾದನಾ ಪದ್ಧತಿ ಹೇಗಿರಬೇಕು ಅಂತ ಹೇಳುತ್ತದೆ. 2023ರ ಡಿಸೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಿ ಬಿಗಿ ಮಾಡಿದ್ದಾರೆ. ಹಾಗಾಗಿ ಮೊದಲ ಬಾಗಿಲು ಕ್ಯೂಎ ಮುಖ್ಯಸ್ಥರು. ದೂರು ಅನ್ನಬೇಡಿ, ‘ಈ ಡೀವಿಯೇಶನ್ ನಂಬರ್ ಬೇಕಿತ್ತು’ ಅಂತ ಹೋಗಿ. ನಂಬರ್ ಬಿದ್ದ ಮೇಲೆ ಅದನ್ನು ಸುಮ್ನೆ ಅಳಿಸಲು ಆಗುವುದಿಲ್ಲ.

ಅವರೂ ಬಾಸ್ ಪರವಾಗಿದ್ದರೆ ಎರಡನೇ ಬಾಗಿಲು ಕಂಪನಿಯ ವಿಜಿಲ್ ವ್ಯವಸ್ಥೆ. ಒಳಗಿನವರು ಅಕ್ರಮದ ಬಗ್ಗೆ ತಿಳಿಸಲು ಇರುವ ದಾರಿ ಅದು. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ತೆಗೆದುಕೊಂಡವು, ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಜಾಸ್ತಿ ಸಾಲ ಮಾಡಿದವು ಇದನ್ನು ಇಡಲೇಬೇಕು. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ರಕ್ಷಣೆ ಇರಬೇಕು ಅಂತಲೂ ಅಲ್ಲಿದೆ. ಹೆಸರಿಲ್ಲದೆ ದೂರು ಕೊಟ್ಟರೆ ಗೊತ್ತಾಗಲ್ಲ ಅಂತ ನಂಬಬೇಡಿ. ಆರು ಜನರ ಸೆಕ್ಷನ್‌ನಲ್ಲಿ ‘16ರ ಬೆಳಗ್ಗೆ ನನಗೆ ಹೇಳಿದರು’ ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತು.

ಹೊರಗೆ, ಅಂದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಹೋಗುವುದು ಮೂರನೇ ಬಗೆಯ ವಿಷಯಕ್ಕೆ ಇಟ್ಟುಕೊಳ್ಳಿ. ಕೆಟ್ಟ ಬ್ಯಾಚ್ ಹೊರಗೆ ಹೋಗುತ್ತಿದೆ, ಒಳಗೆ ಯಾರೂ ಕೇಳುತ್ತಿಲ್ಲ, ಆಗ. ಅದಕ್ಕೆ ಮುಂಚೆ ವಕೀಲರೊಬ್ಬರ ಹತ್ತಿರ ಮಾತಾಡಿ. ಅಕ್ರಮ ಬಯಲು ಮಾಡಿದವರ ರಕ್ಷಣೆಗೆ 2014ರಲ್ಲಿ ಸಂಸತ್ತು ಕಾನೂನು ಮಾಡಿತು ಅಂತ ಕೇಳಿರಬಹುದು. ಅದು ಸಾರ್ವಜನಿಕ ನೌಕರರ ಅಕ್ರಮಗಳ ಕುರಿತದ್ದು, ಖಾಸಗಿ ಕಾರ್ಖಾನೆಯ ನಿಮಗೆ ಕೊಡೆ ಹಿಡಿಯುವುದಿಲ್ಲ. ರ‍್ಯಾನ್‌ಬ್ಯಾಕ್ಸಿ ಔಷಧ ಕಂಪನಿಯ ಸುಳ್ಳು ದಾಖಲೆಗಳನ್ನು ಬಯಲು ಮಾಡಿದ ದಿನೇಶ್ ಠಾಕೂರ್ ಹೆಸರನ್ನು ಈ ವಿಷಯದಲ್ಲಿ ಎಲ್ಲರೂ ತೆಗೆಯುತ್ತಾರೆ. ಅವರು ಕಂಪನಿ ಬಿಟ್ಟದ್ದು 2005ರಲ್ಲಿ. ಅಮೆರಿಕದಲ್ಲಿ ಕಂಪನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಲು ಒಪ್ಪಿದ್ದು 2013ರಲ್ಲಿ. ಅವರಿಗೆ ಪಾಲು ಸಿಕ್ಕಿದ್ದು ಅಮೆರಿಕದ ಕಾನೂನಿನಿಂದ. ಅದೇ ಫಲ ಇಲ್ಲಿ ಸಿಗುತ್ತದೆ ಅಂತ ಲೆಕ್ಕ ಹಾಕಿ ಕೆಲಸ ಬಿಡಬೇಡಿ.

7. ಕೆಲಸದ ಲೆಕ್ಕ ಕಾಗದದ ಮೇಲೆ ಹಾಕಿ

ಭಯ ತಲೆಯಲ್ಲಿದ್ದಾಗ ದೊಡ್ಡದಾಗಿ ಕಾಣುತ್ತದೆ. ನೇಮಕಾತಿ ಪತ್ರ ತೆಗೆದು ಕೂತುಕೊಳ್ಳಿ.

ನೀವು ಕಾನೂನಿನ ಕಣ್ಣಲ್ಲಿ ‘ಕಾರ್ಮಿಕ’ ಹೌದಾ ಅನ್ನುವುದು ಮೊದಲ ಪ್ರಶ್ನೆ. 2025ರ ನವೆಂಬರ್ 21ರಿಂದ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಎರಡರಲ್ಲೂ ತಾಂತ್ರಿಕ ಕೆಲಸ ಮಾಡುವವರು ಕಾರ್ಮಿಕರ ವ್ಯಾಖ್ಯೆಯ ಒಳಗೆ ಬರುತ್ತಾರೆ. ಮ್ಯಾನೇಜರ್ ಕೆಲಸ ಮಾಡುವವರು ಬರುವುದಿಲ್ಲ. ಮೇಲ್ವಿಚಾರಣೆ ಮಾಡುವವರು ಹೊಸ ಸಂಹಿತೆಯಲ್ಲಿ ತಿಂಗಳಿಗೆ 18,000 ರೂಪಾಯಿ ದಾಟಿದರೆ ಬರುವುದಿಲ್ಲ. ನೋಡುವುದು ಹುದ್ದೆಯ ಹೆಸರನ್ನಲ್ಲ, ನಿಜವಾದ ಕೆಲಸವನ್ನು. ‘ಆಫೀಸರ್’ ಅಂತ ಬೋರ್ಡ್ ಇದ್ದರೂ ದಿನವಿಡೀ ಸ್ಯಾಂಪಲ್ ತೂಗಿ, ಟೆಸ್ಟ್ ಮಾಡುವವರಾದರೆ ವಾದಿಸಲು ಜಾಗ ಇದೆ. ಆಗ ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಹತ್ತಿರ ಹೋಗಬಹುದು.

ಕಾಯಂ ಆಗಿದ್ದರೆ ದುರ್ನಡತೆ ಅಂತ ತೆಗೆಯಲು ಆರೋಪಪಟ್ಟಿ ಕೊಟ್ಟು ವಿಚಾರಣೆ ನಡೆಸಬೇಕು. ಹೆಚ್ಚುವರಿ ಸಿಬ್ಬಂದಿ ಅಂತ ತೆಗೆಯುವುದಾದರೆ, ಒಂದು ವರ್ಷ ಸತತ ಸೇವೆ ಮಾಡಿದ ಕಾರ್ಮಿಕರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಪ್ರೊಬೇಶನ್‌ನಲ್ಲಿ ಇರುವವರ, ಗುತ್ತಿಗೆದಾರರ ಮೂಲಕ ಬಂದವರ ಸ್ಥಿತಿ ಇಷ್ಟು ಗಟ್ಟಿ ಇಲ್ಲ. ಅಂಥವರು 3ನೇ ಹಂತದ ಕಾಗದದ ಮೇಲೆ ಜಾಸ್ತಿ ಗಮನ ಕೊಡಿ, ಮುಖಾಮುಖಿ ನಿರಾಕರಣೆಯ ಮೇಲೆ ಕಡಿಮೆ. ಬೇರೆ ಕಡೆ ಅರ್ಜಿ ಹಾಕುವುದನ್ನು ಈ ವಾರವೇ ಶುರು ಮಾಡಿ.

ನಿಜವಾಗಿ ಆಗುವುದು ಮಾತ್ರ ಬಹಳ ಸಲ ಇದ್ಯಾವುದೂ ಅಲ್ಲ. ಎಚ್‌ಆರ್ ರೂಮಿಗೆ ಕರೆದು, ‘ರಿಸೈನ್ ಮಾಡಿಬಿಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ’ ಅನ್ನುತ್ತಾರೆ. ಅಲ್ಲೇ ಸಹಿ ಹಾಕಬೇಡಿ. ಸ್ವಂತ ಕೈಯಾರೆ ಕೊಟ್ಟ ರಾಜೀನಾಮೆ ಆಮೇಲೆ ‘ಬಲವಂತ’ ಅಂತ ಸಾಬೀತು ಮಾಡುವುದು ಕಷ್ಟ. ‘ಮನೆಯಲ್ಲಿ ಕೇಳಿ ನಾಳೆ ಹೇಳ್ತೀನಿ’ ಅಂತ ಎದ್ದು ಬನ್ನಿ, ಆ ಸಂಜೆಯೇ ನಡೆದದ್ದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಯೋಚಿಸಿದ ಮೇಲೆ ಬಿಡುವುದೇ ಸರಿ ಅನಿಸಿದರೆ ಬಿಡಿ, ಅದರಲ್ಲಿ ಅವಮಾನ ಇಲ್ಲ. ನೋಟಿಸ್ ಅವಧಿ, ಬಾಕಿ ಸಂಬಳ, ರಿಲೀವಿಂಗ್ ಲೆಟರ್ ಯಾವ ದಿನ ಅಂತ ಬರಹದಲ್ಲಿ ತೆಗೆದುಕೊಂಡು ಆಮೇಲೆ ರಾಜೀನಾಮೆ ಕೊಡಿ. ಗ್ರಾಚ್ಯುಟಿಗೆ ಐದು ವರ್ಷ ತುಂಬಲು ಎರಡು ತಿಂಗಳು ಬಾಕಿ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

8. ಈಗಾಗಲೇ ಬರೆದುಬಿಟ್ಟಿದ್ದರೆ

ಈ ಪ್ರಶ್ನೆ ಕೇಳುವವರು ಸಣ್ಣ ದನಿಯಲ್ಲಿ ಕೇಳುತ್ತಾರೆ. ಹಾಳೆ ಹರಿಯಬೇಡಿ, ವೈಟ್‌ನರ್ ಹಚ್ಚಬೇಡಿ, ಹೊಸ ಹಾಳೆಯಲ್ಲಿ ನಕಲು ಮಾಡಬೇಡಿ. ನಂಬರ್ ಹಾಕಿದ ಹಾಳೆ ಕಾಣೆಯಾದರೆ ಒಂದು ತಪ್ಪು ಎರಡಾಗುತ್ತದೆ, ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು. ಸುಳ್ಳು ಸಾಲುಗಳ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಕಾರಣ, ಇವತ್ತಿನ ದಿನಾಂಕ, ಸಹಿ. ಇದು ಸಾಮಾನ್ಯ ತಿದ್ದುಪಡಿಯ ಕ್ರಮ. ಆದರೆ ಬೇಕಂತಲೇ ಬರೆದ ಸುಳ್ಳಿಗೆ ಬರಿ ಗೆರೆ ಸಾಲದು, ಕ್ಯೂಎಗೆ ತಿಳಿಸಿ ಡೀವಿಯೇಶನ್ ಅಡಿಯಲ್ಲೇ ತಿದ್ದಬೇಕು. ಆಡಿಟರ್ ಕಂಡುಹಿಡಿಯುವ ಮುಂಚೆ ನೀವಾಗೇ ಹೇಳಿದರೆ ಕಂಪನಿ ಅದನ್ನು ಒಳಗಿನ ವಿಷಯವಾಗಿ ಸರಿಪಡಿಸಬಹುದು. ಆಮೇಲಾದರೆ ಅದು ಆಡಿಟ್ ವರದಿಯ ಸಾಲಾಗುತ್ತದೆ, ಆ ಸಾಲಿಗೆ ಒಬ್ಬರ ಹೆಸರು ಹುಡುಕುತ್ತಾರೆ.

ಬೇರೆ ಕಡೆ ಇಂಟರ್‌ವ್ಯೂಗೆ ಹೋದಾಗ ‘ಯಾಕೆ ಬಿಡ್ತಿದ್ದೀರಿ?’ ಅಂತ ಕೇಳಿಯೇ ಕೇಳುತ್ತಾರೆ. ಈ ಉದ್ಯಮ ಚಿಕ್ಕದು, ನಿಮ್ಮ ಹಳೇ ಬಾಸ್‌ನ ಸಹಪಾಠಿಯೇ ಎದುರಿಗೆ ಕೂತಿರಬಹುದು. ಹಳೇ ಕಂಪನಿಯ ಕತೆ ಬಿಚ್ಚಬೇಡಿ. ‘ದಾಖಲೆಯ ಶಿಸ್ತು ಇನ್ನೂ ಬಿಗಿ ಇರೋ ಲ್ಯಾಬ್‌ನಲ್ಲಿ ಕೆಲಸ ಮಾಡಬೇಕು ಅಂತ’ ಅಂದರೆ ಸಾಕು. ಆಮೇಲೆ ನೀವೂ ಒಂದು ಪ್ರಶ್ನೆ ಕೇಳಿ: ‘ನಿಮ್ಮಲ್ಲಿ ದಿನದ ಚೆಕ್ ಒಂದು ಬಿಟ್ಟುಹೋದ್ರೆ ಏನು ಮಾಡ್ತೀರಿ ಸಾರ್?’ ಡೀವಿಯೇಶನ್ ಹಾಕ್ತೀವಿ ಅಂತ ಥಟ್ಟನೆ ಉತ್ತರ ಬಂದರೆ ಒಂದು ಸಮಾಧಾನ. ‘ನಮ್ಮಲ್ಲಿ ಬಿಟ್ಟೇ ಹೋಗಲ್ಲ’ ಅಂತ ನಕ್ಕರೆ, ಇನ್ನೊಂದು ಕಡೆಯೂ ಅರ್ಜಿ ಹಾಕಿಡಿ.